ಅಪ್ಪನ ಮನೆ ತಾರಸಿಗೆ ಸೋಲಾರ್: ಅಕ್ಕ ಹೂಂ ಅಂತಾಳೆ, ತಮ್ಮ ಊಹೂಂ ಅಂತಾನೆ

ಪರ: ಅಕ್ಕ ಬರೆದದ್ದು

ವಿಜಯನಗರದ ನಮ್ಮ ಮನೆಗೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕಾ ಬೇಡವಾ ಅಂತ ಆರು ತಿಂಗಳಿಂದ ಚರ್ಚೆ ನಡೆಯುತ್ತಿದೆ. ಭಾನುವಾರದ ಊಟದ ಹೊತ್ತಿಗೆ ಶುರುವಾಗಿ ಮಜ್ಜಿಗೆ ಬರುವಷ್ಟರಲ್ಲಿ ಜಗಳ ಆಗಿರುತ್ತದೆ. ಅದಕ್ಕೇ ಈ ಸಲ ಇಬ್ಬರೂ ಲೆಕ್ಕ ಬರೆದೇ ಇಡೋಣ ಅಂದುಕೊಂಡೆವು.

ಮೊದಲು ಒಂದು ಮಾತು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ಇದನ್ನು ಓದುವುದೇ ಬೇಡ. ಇಲ್ಲದ ಬಿಲ್‌ನಲ್ಲಿ ಉಳಿಸುವುದೇನು? ನಮ್ಮ ಮನೆ ಆ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ, ಅಮ್ಮ, ತಮ್ಮನ ಸಂಸಾರ, ಬೋರ್‌ವೆಲ್ ಮೋಟರ್ ಎಲ್ಲಾ ಸೇರಿ ತಿಂಗಳಿಗೆ ನಾನೂರು ಯೂನಿಟ್ ಆಸುಪಾಸು ಖರ್ಚಾಗುತ್ತದೆ. ಯೂನಿಟ್‌ಗೆ ದರ, ಸರ್‌ಚಾರ್ಜ್, ತೆರಿಗೆ ಕೂಡಿಸಿ ನಾನು ಆರೂವರೆ ರೂಪಾಯಿ ಹಿಡಿದಿದ್ದೇನೆ. ಫಿಕ್ಸೆಡ್ ಚಾರ್ಜ್ ಸೇರಿಸಿಲ್ಲ, ಯಾಕೆಂದರೆ ಸೋಲಾರ್ ಹಾಕಿದರೂ ಅದನ್ನು ಕಟ್ಟಲೇಬೇಕು. ಪೂರ್ತಿ ಬಿಲ್ ಮೊತ್ತವನ್ನೇ ಉಳಿತಾಯ ಅಂತ ತೋರಿಸುವ ಮಾರಾಟಗಾರರು ಮೊದಲು ಎಡವುವುದು ಇಲ್ಲೇ.

ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 1,400 ಯೂನಿಟ್ ಸಿಗುತ್ತದೆ. ಮೂರಕ್ಕೆ 4,200. ಅಂದರೆ ಮೊದಲ ವರ್ಷ 27,300 ರೂಪಾಯಿ ಉಳಿತಾಯ. ಖರ್ಚು ಎರಡು ಲಕ್ಷ. ಅದರಲ್ಲಿ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ವಾಪಸ್ ಬಂದರೆ ನಮ್ಮ ಕೈಯಿಂದ ಹೋಗುವುದು 1,22,000. ಸಬ್ಸಿಡಿ ಬರುವುದು ಎಲ್ಲಾ ಹಾಕಿ, ಮೀಟರ್ ಬದಲಾದ ಮೇಲೆ. ಹಾಗಾಗಿ ಎರಡು ಲಕ್ಷವನ್ನೂ ಮೊದಲೇ ಹೊಂದಿಸಿಕೊಂಡಿರಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆ: "ಪ್ಯಾನಲ್ ವರ್ಷವರ್ಷವೂ ಸವೆಯುತ್ತಲ್ಲಾ?" ಸವೆಯುತ್ತದೆ. ಒಳ್ಳೆಯ ಪ್ಯಾನಲ್ ವರ್ಷಕ್ಕೆ ಅರ್ಧ ಪರ್ಸೆಂಟ್ ಆಸುಪಾಸು ಇಳಿಯುತ್ತದೆ. ಮೊದಲ ವರ್ಷ ಸ್ವಲ್ಪ ಜಾಸ್ತಿ ಇಳಿಯುವುದರಿಂದ ನಾನು ಎಲ್ಲಾ ವರ್ಷಕ್ಕೂ 0.7 ಪರ್ಸೆಂಟ್ ಹಾಕಿದೆ. ಆ ಲೆಕ್ಕದಲ್ಲಿ ಇಪ್ಪತ್ತೈದನೇ ವರ್ಷ ಸುಮಾರು 3,550 ಯೂನಿಟ್ ಬರುತ್ತದೆ. ಇವತ್ತಿನ ದರದಲ್ಲಿ ಅದು 23,000 ರೂಪಾಯಿ. ಪರವಾಗಿಲ್ಲ ಅನಿಸುತ್ತದೆ ಅಲ್ವಾ?

ಆದರೆ ಆ 23,000 ಕೈಗೆ ಬರುವುದು ಇಪ್ಪತ್ತೈದು ವರ್ಷ ಆದ ಮೇಲೆ. ನನ್ನ ದುಡ್ಡಿಗೆ ಬೇರೆ ಕಡೆ ಎಂಟು ಪರ್ಸೆಂಟ್ ಸಿಗುತ್ತದೆ ಅಂದುಕೊಂಡರೆ ಅದರ ಇವತ್ತಿನ ಬೆಲೆ 3,400 ರೂಪಾಯಿ ಸಹ ಇಲ್ಲ! ಇಪ್ಪತ್ತೈದು ವರ್ಷ ಪ್ಯಾನಲ್ ಸವೆದು ನಾಲ್ಕು ಸಾವಿರ ತಿಂದರೆ, ಕಾಯುವುದೇ ಹತ್ತೊಂಬತ್ತು ಸಾವಿರ ತಿನ್ನುತ್ತದೆ. ಜನ ಸವೆತಕ್ಕೆ ಹೆದರುತ್ತಾರೆ, ಹೆದರಬೇಕಾದದ್ದು ಬಡ್ಡಿಗೆ. ಎಕ್ಸೆಲ್‌ನಲ್ಲಿ ಎರಡನ್ನೂ ಒಟ್ಟಿಗೆ ನೋಡಲು ಒಂದೇ ಸಾಲು ಸಾಕು:

```
=27300*(1-(0.993/1.08)^25)/(0.08+0.007)
```

ಉತ್ತರ ಸುಮಾರು 2,75,000. ಇಪ್ಪತ್ತೈದು ವರ್ಷದ ಉಳಿತಾಯದ ಇವತ್ತಿನ ಬೆಲೆ ಇದು. ಸವೆತವೇ ಇಲ್ಲ ಅಂದುಕೊಂಡಿದ್ದರೆ 2,91,000 ಬರುತ್ತಿತ್ತು. ಅಂದರೆ ಸವೆತಕ್ಕೆ ನಾವು ಕೊಡುವ ಬೆಲೆ ಬರೀ ಹದಿನಾರು ಸಾವಿರ. ವರ್ಷಕ್ಕೆ 1,500 ಕೊಟ್ಟು ಪ್ಯಾನಲ್ ತೊಳೆಸಿದರೂ ಅಷ್ಟೇ ಹದಿನಾರು ಸಾವಿರ ಆಗುತ್ತದೆ. ಪ್ಯಾನಲ್‌ನ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಇನ್ವರ್ಟರ್ ಹನ್ನೆರಡನೇ ವರ್ಷ ಕೈಕೊಟ್ಟರೆ ಮೂವತ್ತೈದು ಸಾವಿರ, ಅದರ ಇವತ್ತಿನ ಬೆಲೆ ಹದಿನಾಲ್ಕು. ಎರಡನ್ನೂ ಕಳೆದು, ಹಾಕಿದ 1,22,000 ಕಳೆದರೂ 1,23,000 ಮಿಗುತ್ತದೆ. ಹಾಕಿದ ದುಡ್ಡು ಬಡ್ಡಿ ಸಮೇತ ವಾಪಸ್ ಬರುವುದು ಏಳನೇ ವರ್ಷದಲ್ಲಿ. ನಾಲ್ಕೇ ವರ್ಷ ಅಂತ ಹೇಳುವವರು ಬಡ್ಡಿಯನ್ನೂ ತೊಳೆಯುವ ಖರ್ಚನ್ನೂ ಮರೆತಿರುತ್ತಾರೆ, ಇಲ್ಲಾ ಮರೆತ ಹಾಗೆ ಮಾಡುತ್ತಾರೆ.

ಕರೆಂಟ್ ದರ ಏರುತ್ತದೆ ಅಂತ ನಾನು ಒಂದು ಪೈಸೆ ಕೂಡ ಸೇರಿಸಿಲ್ಲ. ಬೇಕಂತಲೇ. ವರ್ಷಕ್ಕೆ ಐದು ಪರ್ಸೆಂಟ್ ಏರಿಕೆ ಹಾಕಿದರೆ ಯಾವ ಲೆಕ್ಕವಾದರೂ ಚೆಂದ ಕಾಣುತ್ತದೆ. 2024ರಲ್ಲಿ ನಮ್ಮಂಥ ನೂರು ಯೂನಿಟ್ ದಾಟುವ ಮನೆಗಳಿಗೆ ದರ 7 ರೂಪಾಯಿಯಿಂದ 5.90ಕ್ಕೆ ಇಳಿದಿದ್ದು ನೆನಪಿರಲಿ. ಏರಿಕೆ ಇಲ್ಲದೆಯೂ ಲಾಭ ಬರುತ್ತಿದೆ, ನನಗೆ ಅಷ್ಟು ಸಾಕು.

ತೊಳೆಯುವ ವಿಷಯದಲ್ಲಿ ಮಾತ್ರ ಹುಷಾರು. ಎದುರು ಮನೆಯವರು ಎರಡು ವರ್ಷಕ್ಕೇ "ಪ್ಯಾನಲ್ ಹಾಳಾಯ್ತು, ಹತ್ತು ಪರ್ಸೆಂಟ್ ಕಮ್ಮಿ ಬರ್ತಿದೆ" ಅಂತ ಕೂಗಾಡಿದರು. ಮೇಲೆ ಹೋಗಿ ನೋಡಿದರೆ ಗಾಜಿನ ಮೇಲೆ ಬಿಳಿ ಬಿಳಿ ಕಲೆ. ಬೋರ್‌ವೆಲ್ ನೀರು ಸುರಿದು ಹಾಗೇ ಒಣಗಲು ಬಿಟ್ಟಿದ್ದರು, ಬಕೆಟ್ ತಳದಲ್ಲಿ ಕಟ್ಟುತ್ತದಲ್ಲ, ಅದೇ ಉಪ್ಪು. ಬೆಳಗ್ಗೆ ಬಿಸಿಲೇರುವ ಮೊದಲು ಕಾವೇರಿ ನೀರಲ್ಲಿ ಒರೆಸಿದ ಮೇಲೆ ಮಾಮೂಲಿಗೆ ಬಂತು. ತೊಳೆದ ಮಾರನೇ ದಿನವೇ ಏರಿದರೆ ಅದು ಧೂಳು. ನಿಜವಾದ ಸವೆತ ನೋಡಬೇಕಾದರೆ ಈ ಫೆಬ್ರವರಿಯ ಮೋಡ ಇಲ್ಲದ ದಿನವನ್ನು ಹೋದ ಫೆಬ್ರವರಿಯ ಅಂಥದ್ದೇ ದಿನದ ಜೊತೆ ಹೋಲಿಸಬೇಕು, ಎರಡೂ ಸಲ ಪ್ಯಾನಲ್ ತೊಳೆದಿರಬೇಕು.

ವಿರೋಧ: ತಮ್ಮ ಬರೆದದ್ದು

ಅಕ್ಕನ ಕೂಡು-ಕಳೆಯಲ್ಲಿ ತಪ್ಪಿಲ್ಲ. ಅವಳು ಬ್ಯಾಂಕಿನಲ್ಲಿದ್ದವಳು, ತಪ್ಪಾಗುವುದಿಲ್ಲ. ಆದರೆ ಆ ಲೆಕ್ಕ ನಮ್ಮ ತಾರಸಿಯದ್ದಲ್ಲ, ನಮ್ಮ ಮನೆಯದ್ದೂ ಅಲ್ಲ.

ಮೊದಲು ತಾರಸಿ. ಸೋಲಾರ್‌ನವರು ಅಳತೆಗೆ ಬಂದಿದ್ದು ಏಪ್ರಿಲ್ ಕೊನೇ ವಾರ, ಮಧ್ಯಾಹ್ನ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುವುದೇ ಆಗ, ಸೂರ್ಯ ನೆತ್ತಿಯ ಮೇಲೆ, ಕಂಬಕ್ಕೂ ನೆರಳಿರುವುದಿಲ್ಲ. ತಾರಸಿ ಪೂರ್ತಿ ಬಿಸಿಲು ಕಂಡು "ಸೂಪರ್ ಸೈಟ್ ಸಾರ್" ಅಂದು ಹೋದರು. ಡಿಸೆಂಬರ್‌ನಲ್ಲಿ ಬಂದಿದ್ದರೆ ಗೊತ್ತಾಗುತ್ತಿತ್ತು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಮ್ಮ ನೀರಿನ ಟ್ಯಾಂಕ್ ಇರುವುದೂ ದಕ್ಷಿಣದ ಮೂಲೆಯಲ್ಲೇ. ಟ್ಯಾಂಕಿನ ತಲೆ ಹತ್ತು ಅಡಿ ಎತ್ತರ. ಮಟಮಟ ಮಧ್ಯಾಹ್ನವೇ ಏಳು ಅಡಿ ನೆರಳು ಉತ್ತರಕ್ಕೆ ಬೀಳುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಅವರು ಪ್ಯಾನಲ್ ಇಡುತ್ತೇವೆ ಅಂತ ಚಾಕ್‌ನಲ್ಲಿ ಗೆರೆ ಎಳೆದಿದ್ದು ಸರಿಯಾಗಿ ಅಲ್ಲೇ. ಪ್ಯಾನಲ್‌ಗಳನ್ನು ಸಾಲಾಗಿ ಒಂದೇ ಸರಕ್ಕೆ ಪೋಣಿಸಿರುತ್ತಾರೆ, ಒಂದರ ಮೇಲೆ ನೆರಳು ಬಿದ್ದರೆ ಹೊಡೆತ ಆ ಒಂದಕ್ಕೇ ನಿಲ್ಲುವುದಿಲ್ಲ.

ಇದನ್ನು ಹೇಳಿದಾಗ ಅವರೇ ದಾರಿ ತೋರಿಸಿದರು: ಕಬ್ಬಿಣದ ಕಂಬ ನಿಲ್ಲಿಸಿ ಪ್ಯಾನಲ್‌ಗಳನ್ನು ಟ್ಯಾಂಕ್‌ಗಿಂತ ಮೇಲೆ ಕೂರಿಸೋಣ, ಕೆಳಗೆ ಅಮ್ಮ ಸಂಡಿಗೆ ಒಣಗಿಸಬಹುದು ಅಂತ. ಪ್ಯಾನಲ್ ನೆರಳಲ್ಲಿ ಸಂಡಿಗೆ ಒಣಗುತ್ತಾ ಅಂತ ಅಮ್ಮ ಕೇಳಿದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಅದಿರಲಿ, ಈ ಕಂಬಗಳಿಗೆ ಇನ್ನೂ ನಲವತ್ತು ಸಾವಿರ. ಅದಕ್ಕೆ ಸಬ್ಸಿಡಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, 78,000 ಅಂದರೆ 78,000. ಈಗ ಕೈಯಿಂದ ಹೋಗುವುದು 1,62,000.

ಎರಡನೆಯದು ಮನೆ. ಪ್ಯಾನಲ್ ಎಷ್ಟು ಯೂನಿಟ್ ಕೊಡುತ್ತದೆ ಅನ್ನುವುದಕ್ಕಿಂತ ಮನೆಯವರು ಎಷ್ಟು ಬಳಸುತ್ತಾರೆ ಅನ್ನುವುದು ಮುಖ್ಯ. ನೆಟ್ ಮೀಟರಿಂಗ್ ಅಂದರೆ ಬೆಸ್ಕಾಂ ಲೈನಿಗೆ, ಅಂದರೆ ಗ್ರಿಡ್‌ಗೆ, ನಾವು ಕೊಟ್ಟ ಯೂನಿಟ್ಟನ್ನು ಅಲ್ಲಿಂದ ತೆಗೆದುಕೊಂಡದ್ದರಲ್ಲಿ ಕಳೆದು ಬಿಲ್ ಹಾಕುವುದು. ಅದರಲ್ಲಿ ನಾವೇ ಬಳಸಿದಷ್ಟು ಯೂನಿಟ್‌ಗೆ ಆರೂವರೆ ಉಳಿಯುತ್ತದೆ. ಬಳಕೆಗಿಂತ ಹೆಚ್ಚು ಗ್ರಿಡ್‌ಗೆ ಹೋದ ಯೂನಿಟ್‌ಗೆ ಬೆಸ್ಕಾಂ ಕೊಡುವ ದರ ಬೇರೆ, ತುಂಬಾ ಕಮ್ಮಿ. ನಾನು ಎರಡೂವರೆ ರೂಪಾಯಿ ಹಿಡಿದಿದ್ದೇನೆ. ಈಗಿನ ನಾನೂರು ಯೂನಿಟ್‌ನಲ್ಲಿ ಇನ್ನೂರೈವತ್ತು ನಮ್ಮ ಸಂಸಾರದ್ದು. ನಾಲ್ಕು ವರ್ಷಕ್ಕೆ ನಮ್ಮ ಫ್ಲ್ಯಾಟ್ ಕೈಗೆ ಸಿಗುತ್ತದೆ, ನಾವು ಹೊರಟರೆ ಅಪ್ಪ-ಅಮ್ಮನ ಬಳಕೆ ನೂರೈವತ್ತು. ಆಗ ವರ್ಷದ ಉಳಿತಾಯ 27,000ದಿಂದ ಹದಿನೇಳು ಸಾವಿರದ ಹತ್ತಿರಕ್ಕೆ ಇಳಿಯುತ್ತದೆ. ಪ್ಯಾನಲ್ ಹಾಗೇ ಇರುತ್ತದೆ, ಬಿಸಿಲೂ ಹಾಗೇ ಇರುತ್ತದೆ! ಇದರ ಮುಂದೆ ಅಕ್ಕನ 0.7 ಪರ್ಸೆಂಟ್ ಯಾವ ಲೆಕ್ಕ? ತಮಾಷೆ ಅಂದರೆ, ಆಮೇಲೆ ಪ್ಯಾನಲ್ ಸವೆದರೂ ಕಳೆದುಕೊಳ್ಳುವುದು ಎರಡೂವರೆ ರೂಪಾಯಿಯ ಯೂನಿಟ್‌ಗಳನ್ನೇ.

ಮೂರನೆಯದು ಆ ಇಪ್ಪತ್ತೈದು ವರ್ಷ. ಪ್ಯಾನಲ್‌ಗೆ ಅಷ್ಟು ಆಯಸ್ಸಿರಬಹುದು, ಮನೆಗೆ? ಪಕ್ಕದ ಸೈಟಿನಲ್ಲಿ ಈಗಲೇ ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತಿದ್ದಾರೆ. ಅಪ್ಪನೇ "ಇನ್ನು ಹತ್ತು ವರ್ಷ ಆದ ಮೇಲೆ ನೀವು ಏನಾದ್ರೂ ಮಾಡ್ಕೊಳ್ಳಿ" ಅನ್ನುತ್ತಾರೆ. ಹಾಗಾಗಿ ನಾನು ಹತ್ತೇ ವರ್ಷಕ್ಕೆ ಲೆಕ್ಕ ಹಾಕಿದೆ. ಎಂಟು ಪರ್ಸೆಂಟ್, ಸವೆತ, ತೊಳೆಯುವ ಖರ್ಚು ಎಲ್ಲಾ ಅಕ್ಕನದ್ದೇ. ಇನ್ವರ್ಟರ್ ಬದಲಾಯಿಸುವ ಖರ್ಚು ಹಾಕಲೇ ಇಲ್ಲ. ಮೊದಲ ನಾಲ್ಕು ವರ್ಷದಿಂದ ಸುಮಾರು 89,500, ಆಮೇಲಿನ ಆರು ವರ್ಷದಿಂದ 58,500. ತೊಳೆಯುವ ಹತ್ತು ಸಾವಿರ ಕಳೆದರೆ 1,38,000. ಹಾಕಿದ್ದು 1,62,000. ಇಪ್ಪತ್ನಾಲ್ಕು ಸಾವಿರ ಲುಕ್ಸಾನು.

ನಿಜ ಹೇಳಬೇಕೆಂದರೆ, ಆ ಕಬ್ಬಿಣದ ಕಂಬಗಳ ಖರ್ಚು ಇಲ್ಲದಿದ್ದರೆ ಇದೇ ಹತ್ತು ವರ್ಷದಲ್ಲಿ ಹದಿನಾರು ಸಾವಿರ ಲಾಭ ಬರುತ್ತಿತ್ತು. ಇದನ್ನು ಅಕ್ಕನಿಗೆ ಹೇಳಬಾರದು ಅಂದುಕೊಂಡಿದ್ದೆ, ಆದರೆ ಅವಳೇ ಕಂಡುಹಿಡಿಯುತ್ತಾಳೆ. ಮೂರನೇ ಕಿಲೋವ್ಯಾಟ್ ಬಗ್ಗೆಯೂ ನನಗೆ ತಕರಾರಿದೆ. ಮೊದಲೆರಡಕ್ಕೆ ತಲಾ ಮೂವತ್ತು ಸಾವಿರ ಸಬ್ಸಿಡಿ, ಮೂರನೆಯದಕ್ಕೆ ಬರೀ ಹದಿನೆಂಟು. ನಾವು ಹೊರಟ ಮೇಲೆ ಅದರ 1,400 ಯೂನಿಟ್ ಪೂರ್ತಿ ಗ್ರಿಡ್‌ಗೆ ಹೋಗುತ್ತದೆ, ವರ್ಷಕ್ಕೆ ಮೂರೂವರೆ ಸಾವಿರ ಸಿಕ್ಕರೆ ಹೆಚ್ಚು.

ಇನ್ನೊಂದು, ಅಪ್ಪನಿಗೆ ಸೋಲಾರ್ ಬೇಕಿರುವುದು ಬಿಲ್‌ಗಾಗಿ ಅಲ್ಲವೇ ಅಲ್ಲ, ಕರೆಂಟ್ ಹೋದಾಗ ಫ್ಯಾನ್ ತಿರುಗಲಿ ಅಂತ. ಬ್ಯಾಟರಿ ಇಲ್ಲದ ಈ ಸೋಲಾರ್, ಗ್ರಿಡ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಲೈನ್‌ಮನ್ ತಂತಿ ಮುಟ್ಟಿದಾಗ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ. ಸುಡು ಬಿಸಿಲಲ್ಲಿ ತಾರಸಿ ತುಂಬಾ ಪ್ಯಾನಲ್ ಇಟ್ಟುಕೊಂಡು ಕೆಳಗೆ ಬೀಸಣಿಗೆ ಬೀಸಿಕೊಳ್ಳಬೇಕು. ಇದನ್ನು ಅಪ್ಪನಿಗೆ ಬಿಡಿಸಿ ಹೇಳಿದಾಗ "ಮತ್ಯಾಕಪ್ಪಾ ಅದು?" ಅಂದರು.

ಅಕ್ಕ ಈಗ ಹೊಸ ರಾಗ ತೆಗೆದಿದ್ದಾಳೆ. ಪ್ಯಾನಲ್ ಎತ್ತರಿಸುವ ಬದಲು ಟ್ಯಾಂಕನ್ನೇ ಉತ್ತರದ ಮೂಲೆಗೆ ಸರಿಸೋಣ ಅಂತ. ಎಂಟು-ಹತ್ತು ಸಾವಿರದಲ್ಲಿ ಪೈಪು ಸಮೇತ ಆಗುವುದಾದರೆ ನನ್ನ ಲುಕ್ಸಾನು ಲಾಭಕ್ಕೆ ತಿರುಗುತ್ತದೆ, ಒಪ್ಪುತ್ತೇನೆ. ಆದರೆ ಆ ಮೂಲೆಯಲ್ಲಿ ಸೋಲಾರ್ ವಾಟರ್ ಹೀಟರ್ ಕೂತಿದೆ. ಪ್ಲಂಬರ್ ಶನಿವಾರ ಬಂದು ನೋಡುತ್ತಾನಂತೆ.