ಸೊಂಟ ಎಲ್ಲಿದೆ?

ಸೊಂಟ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಕೈ ನೇರ ಹೋಗುವುದು ಪ್ಯಾಂಟಿನ ಗುಂಡಿಗೋ ಲಂಗದ ಲಾಡಿಗೋ. ಟೇಲರ್ ಲೆಕ್ಕದ ಸೊಂಟ ಅದಕ್ಕಿಂತ ಮೇಲೆ, ಪಕ್ಕೆಲುಬು ಮುಗಿದ ಮೇಲೆ ಮೈ ಸಪೂರಾಗುವಲ್ಲಿ ಇರುತ್ತದೆ.

ಚೌತಿಗೆ ಚೂಡಿದಾರ್ ಹೊಲಿಸಬೇಕು. ಕುಮಟೆಯ ತಂಗಿಮಗಳಿಗೆ ಶಿರಸಿಯ ಟೇಲರೇ ಆಗಬೇಕು. ಮಳೆಯಲ್ಲಿ ದೇವಿಮನೆ ಘಟ್ಟ ಹತ್ತುವ ಬದಲು ಅಳತೆಯನ್ನು ಫೋನಿನಲ್ಲೇ ಹೇಳಿದಳು: ಎದೆ 34, ಸೊಂಟ 33, ಸೀಟು 37. ಹಂಚಿಕಡ್ಡಿಯಂಥ ಹುಡುಗಿಗೆ 33 ಇಂಚಿನ ಸೊಂಟವೇ? ವಿಡಿಯೋ ಕಾಲ್ ಮಾಡಿ ನೋಡಿದರೆ ಟೇಪು ಲಾಡಿಯ ಮೇಲೇ ಕೂತಿತ್ತು.

ಮೊದಲು ಟೇಪನ್ನೇ ಪರೀಕ್ಷಿಸಿದೆವು. ಹಳೆಯ ಬಟ್ಟೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಹಾಗೆ ಉದ್ದವಾದದ್ದು ಅಳತೆಯನ್ನು ಹೆಚ್ಚು ತೋರಿಸುವುದಿಲ್ಲ, ಕಡಿಮೆ ತೋರಿಸುತ್ತದೆ; ದಪ್ಪಗಾದವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಸ್ಟೀಲ್ ಸ್ಕೇಲಿನ 30 ಸೆಂಟಿಮೀಟರ್ ಪಕ್ಕದಲ್ಲಿ ಟೇಪು 29.5 ತೋರಿಸಿದರೆ, 36 ಇಂಚಿನ ಎದೆಗೆ ಅರ್ಧ ಇಂಚಿಗಿಂತ ಹೆಚ್ಚೇ ಕಳೆದುಹೋಯಿತು. ಅವಳ ಟೇಪು ಸರಿಯಿತ್ತು.

ಆಮೇಲೆ ಒಂದು ದಾರ. ಪಕ್ಕಕ್ಕೆ ಬಾಗಿದರೆ ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲಿ ದಾರವನ್ನು ಸುತ್ತಿ, ಬಿಗಿಯದೆ ಗಂಟು ಹಾಕಿ, ಒಂದೆರಡು ಸಲ ಬಾಗಿ ಎದ್ದರೆ ದಾರ ತಾನೇ ಜಾಗ ಹಿಡಿಯುತ್ತದೆ. ಅದರ ಮೇಲೆ ಟೇಪು. ಕ್ಯಾಮೆರಾ ಎದುರು ನಿಂತಕೂಡಲೇ ಹೊಟ್ಟೆ ಬೆನ್ನಿಗೆ ಅಂಟಿತು. "ಎಳ್ಕಳಡ ಕೂಸೇ, ಚೌತಿ ದಿನ ಮೋದಕ ತಿಂದ ಮೇಲೂ ಉಸಿರು ಬಿಡಕು" ಎಂದೆ. ಉಸಿರನ್ನು ಸಹಜವಾಗಿ ಬಿಟ್ಟ ಕೊನೆಯಲ್ಲಿ ಓದಿದಾಗ 29.

ಎದೆಯಲ್ಲಿ ತಪ್ಪು ಬೆನ್ನ ಕಡೆ. ಮುಂದೆ ತುಂಬಿದ ಭಾಗದ ಮೇಲೆ ನೇರವಾಗಿದ್ದ ಟೇಪು ಹಿಂದೆ ಜಾರಿ ಕೆಳಗಿಳಿದಿತ್ತು. ಕೈ ಎತ್ತಿ ಸುತ್ತಿಕೊಂಡು, ಕೈ ಇಳಿಸಿ, ಕನ್ನಡಿಗೆ ಅಡ್ಡ ನಿಂತು ಟೇಪು ನೆಲಕ್ಕೆ ಸಮವಾಗಿದೆಯೇ ಎಂದು ನೋಡಬೇಕು. ಚೂಡಿದಾರಿನ ಜೊತೆ ತೊಡುವ ಒಳಉಡುಪೇ ಆಗ ಮೈಮೇಲಿರಬೇಕು. 34 ಇದ್ದದ್ದು 35 ಆಯಿತು.

ಸೀಟಿಗೆ ಕಾಲು ಜೋಡಿಸಿ ನಿಲ್ಲುವುದು, ಪೃಷ್ಠದ ಅತಿ ದಪ್ಪ ಜಾಗ ಹುಡುಕಲು ಟೇಪನ್ನು ಮೇಲೆ ಕೆಳಗೆ ಸರಿಸುವುದು, ಅತಿ ದೊಡ್ಡ ಅಂಕಿಯನ್ನು ಬರೆದುಕೊಳ್ಳುವುದು. ಹಿಂದೆ ಮೇಲೇರಿದ್ದ ಟೇಪು ಇಳಿದಾಗ 38. ಎಲ್ಲವನ್ನೂ ಇನ್ನೊಮ್ಮೆ ಅಳೆಸಿದೆ. ಅರ್ಧ ಇಂಚಿಗಿಂತ ಹೆಚ್ಚು ಫರಕು ಬಂದಿದ್ದರೆ ಮೂರನೆಯ ಸಲವೂ ಅಳೆಸುತ್ತಿದ್ದೆ.

35, 29, 38 ಎಂದು ಬರೆದುಕೊಳ್ಳುತ್ತಿದ್ದಂತೆ ಅವಳು, "ದೊಡ್ಡಮ್ಮಾ, ಲೂಸಿಗೆ ಎರಡೆರಡು ಇಂಚು ಸೇರಿಸಿ ಹೇಳು" ಎಂದಳು. ಸೇರಿಸಲಿಲ್ಲ. ಅದನ್ನು ಟೇಲರ್ ಸೇರಿಸುತ್ತಾನೆ. ನಾವೂ ಸೇರಿಸಿದರೆ ಒಳಗೆ ಇಬ್ಬರು ಹಿಡಿಯುತ್ತಾರೆ. ಚೀಟಿಯ ತಲೆಯಲ್ಲಿ "ಮೈ ಅಳತೆ" ಎಂದು ಬರೆದು, ಬಟ್ಟೆಯ ಜೊತೆ ಅಂಗಡಿಗೆ ಕೊಟ್ಟು ಬಂದೆ.