ಕಡತದಲ್ಲಿ ‘ಲಸಿಕೆ ಆಗಿದೆ’ ಎಂದು ಬರೆದರೆ ಸಾಲದು, ಟೈಟರ್ ಎಷ್ಟಿದೆ?

ಡಯಾಲಿಸಿಸ್ ಘಟಕದಲ್ಲಿ ನರ್ಸ್ ಆಗಿರುವ ನಾನು ಹೊಸ ರೋಗಿಯ ಕಡತ ತೆರೆದ ಕೂಡಲೇ ಒಂದು ಸಂಖ್ಯೆಯನ್ನು ಹುಡುಕುತ್ತೇನೆ. ಅದು ಹೆಪಟೈಟಿಸ್ ಬಿ ವಿರುದ್ಧ ರಕ್ತದಲ್ಲಿರುವ ಪ್ರತಿಕಾಯದ ಪ್ರಮಾಣ. ನಮ್ಮ ಮಾತಿನಲ್ಲಿ ಟೈಟರ್. ಎಷ್ಟೋ ಕಡತಗಳಲ್ಲಿ ಆ ಸಂಖ್ಯೆಯ ಜಾಗದಲ್ಲಿ ‘ಲಸಿಕೆ ಆಗಿದೆ’ ಎಂದಷ್ಟೇ ಬರೆದಿರುತ್ತದೆ.

52 ವರ್ಷದ ಒಬ್ಬರು ಹೀಗೆಯೇ ಬಂದರು. “ಸಿಸ್ಟರ್, ಅಪ್ಪನಿಗೆ ಮೂರು ಇಂಜೆಕ್ಷನ್ನೂ ಹಾಕಿಸಿದ್ದೇವೆ” ಎಂದು ಮಗಳು ಚೀಟಿ ತೋರಿಸಿದರು. ಅವರು ಹೇಳಿದ್ದು ನಿಜವೇ ಆಗಿತ್ತು, ಆದರೆ ಪ್ರತಿ ಬಾರಿ ಕೊಟ್ಟಿದ್ದು ಆರೋಗ್ಯವಂತ ವಯಸ್ಕರಿಗೆ ಕೊಡುವ 20 ಮೈಕ್ರೋಗ್ರಾಂ. ಮೂತ್ರಪಿಂಡ ಸೋತು ರಕ್ತದಲ್ಲಿ ಕಲ್ಮಶ ಸೇರುತ್ತಾ ಹೋದಂತೆ ರೋಗನಿರೋಧಕ ಕಣಗಳೂ ಮಂದವಾಗುತ್ತವೆ. ಆದ್ದರಿಂದ ಸಾಮಾನ್ಯ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ರಕ್ಷಣೆ ಕೊಡುವ ಲಸಿಕೆ ಡಯಾಲಿಸಿಸ್‌ನಲ್ಲಿರುವವರ ಪೈಕಿ ಅದಕ್ಕಿಂತ ಬಹಳ ಕಡಿಮೆ ಮಂದಿಯಲ್ಲಿ ಕೆಲಸ ಮಾಡುತ್ತದೆ. ಟೈಟರ್ ಕನಿಷ್ಠ 10 ಇದ್ದರೆ ಮಾತ್ರ ರಕ್ಷಣೆ ಇದೆಯೆಂದು ಒಪ್ಪುತ್ತೇವೆ. ಅವರದು 3 ಬಂತು.

ಮತ್ತೆ ಮೊದಲಿನಿಂದ ಶುರುಮಾಡಿದೆವು: ಪ್ರತಿ ಸಲ 40 ಮೈಕ್ರೋಗ್ರಾಂ, ಮೊದಲ ದಿನ, ಬಳಿಕ 1, 2 ಮತ್ತು 6ನೇ ತಿಂಗಳು, ಪೃಷ್ಠಕ್ಕಲ್ಲ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಈ ಸರಣಿ ಮುಗಿಯುವವರೆಗೆ ಅವರು ಸೋಂಕು ತಗುಲಬಹುದಾದವರೇ ಆಗಿದ್ದರಿಂದ, ವೈರಸ್ಸಿನ ಹೊರಕವಚದ ಅಂಶವಾದ ಸರ್ಫೇಸ್ ಆ್ಯಂಟಿಜನ್ ರಕ್ತದಲ್ಲಿದೆಯೇ ಎಂದು ಪ್ರತಿ ತಿಂಗಳೂ ಪರೀಕ್ಷಿಸಬೇಕಿತ್ತು.

ನಾವು ಎಡವಿದ್ದು ಅಲ್ಲಿಯೇ. ಮೂರನೆಯ ಡೋಸ್ ಸೋಮವಾರ ಕೊಟ್ಟೆವು, ತಿಂಗಳ ರಕ್ತಪರೀಕ್ಷೆ ಅದೇ ಗುರುವಾರ ಬಿತ್ತು, ಫಲಿತಾಂಶ ಪಾಸಿಟಿವ್ ಬಂತು. ಅವರನ್ನು ಕೂಡಲೇ ಹೆಪಟೈಟಿಸ್ ಬಿ ರೋಗಿಗಳ ಕೋಣೆಗೆ, ಅವರಿಗೆಂದೇ ಮೀಸಲಾದ ಯಂತ್ರಕ್ಕೆ ಸ್ಥಳಾಂತರಿಸಲು ಸಿದ್ಧತೆ ನಡೆಯಿತು. ಅವರ ಕುಟುಂಬದವರ ಮುಖ ನನಗೆ ಇಂದಿಗೂ ಮರೆತಿಲ್ಲ. ಆದರೆ ಲಸಿಕೆಯೆಂದರೆ ಅದೇ ಸರ್ಫೇಸ್ ಆ್ಯಂಟಿಜನ್. ಅದು ಚುಚ್ಚಿದ ಮೇಲೆ ಕೆಲವು ದಿನ ರಕ್ತದಲ್ಲಿ ಉಳಿಯಬಹುದು, ಡಯಾಲಿಸಿಸ್ ರೋಗಿಗಳಲ್ಲಿ 18 ದಿನಗಳವರೆಗೂ ಕಾಣಿಸಿಕೊಂಡದ್ದುಂಟು. ಲಸಿಕೆಯಿಂದ ಎಂದಿಗೂ ಬಾರದ, ನಿಜವಾದ ಸೋಂಕಿನಿಂದ ಮಾತ್ರ ಬರುವ ಕೋರ್ ಪ್ರತಿಕಾಯವನ್ನು ನಮ್ಮ ವೈದ್ಯರು ಪರೀಕ್ಷಿಸಿದರು. ಅದು ನೆಗೆಟಿವ್ ಇತ್ತು. ಹೊಸ ಸೋಂಕಿನ ಮೊದಲ ವಾರಗಳಲ್ಲಿ ಅದೂ ನೆಗೆಟಿವ್ ಇರಬಹುದಾದ್ದರಿಂದ ಅಷ್ಟಕ್ಕೇ ನಿಲ್ಲದೆ, ಅವರನ್ನು ಸೋಂಕಿತರ ಕೋಣೆಗೂ ಕಳಿಸದೆ, ಉಳಿದವರ ನಡುವೆಯೂ ಕೂರಿಸದೆ, ಪ್ರತ್ಯೇಕವಾಗಿ ಡಯಾಲಿಸಿಸ್ ಮಾಡಿ, ನಾಲ್ಕು ವಾರಗಳ ನಂತರ ಎರಡೂ ಪರೀಕ್ಷೆಗಳನ್ನು ಮತ್ತೆ ಮಾಡಿಸಿದೆವು. ಎರಡೂ ನೆಗೆಟಿವ್. ಅಂದು ಆತುರದಲ್ಲಿ ಸ್ಥಳಾಂತರಿಸಿದ್ದರೆ, ರಕ್ಷಣೆಯೇ ಇಲ್ಲದ ಒಬ್ಬರನ್ನು ಸೋಂಕು ನಿಜವಾಗಿ ಇರುವ ಯಂತ್ರಕ್ಕೆ ನಾವೇ ಜೋಡಿಸಿದಂತಾಗುತ್ತಿತ್ತು.

ಈ ವೈರಸ್ಸಿಗೆ ಕಣ್ಣಿಗೆ ಕಾಣುವಷ್ಟು ರಕ್ತವೇನೂ ಬೇಕಿಲ್ಲ. ಒಣಗಿದ ಮೇಲ್ಮೈಯ ಮೇಲೆ ಅದು 7 ದಿನವಾದರೂ ಬದುಕಿರುತ್ತದೆ: ಯಂತ್ರದ ಗುಂಡಿಗಳ ಮೇಲೆ, ಕ್ಲಾಂಪಿನ ಮೇಲೆ, ಒಬ್ಬರ ತೋಳಿನಿಂದ ಬಿಚ್ಚಿ ಇನ್ನೊಬ್ಬರಿಗೆ ಕಟ್ಟುವ ಬಿಪಿ ಪಟ್ಟಿಯ ಮೇಲೆ. ನನ್ನನ್ನು ಹೆಚ್ಚು ಹೆದರಿಸುವುದು ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಬಾಟಲಿ. ಒಂದೇ ಬಾಟಲಿಯನ್ನು ಟ್ರೇಯಲ್ಲಿಟ್ಟುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಸಿರಿಂಜಿಗೆ ಎಳೆದುಕೊಳ್ಳುವ ಅಭ್ಯಾಸ ಎಲ್ಲಿದ್ದರೂ ನಿಲ್ಲಬೇಕು. ಔಷಧವನ್ನು ರೋಗಿಗಳಿಂದ ದೂರದ ಶುಭ್ರ ಮೇಜಿನಲ್ಲಿ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಸಿದ್ಧಪಡಿಸಿ ತರಬೇಕು. ಒಬ್ಬರ ಬಳಿ ಹೋದದ್ದು ಮತ್ತೆ ಆ ಮೇಜಿಗೆ ಮರಳಬಾರದು.

ಟೈಟರ್ ಗೊತ್ತಿರಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹೆಪಟೈಟಿಸ್ ಬಿ ಇರುವವರನ್ನು ನೋಡಿಕೊಳ್ಳುವ ನರ್ಸ್ ಅದೇ ಪಾಳಿಯಲ್ಲಿ ರಕ್ಷಣೆಯಿಲ್ಲದವರನ್ನು ಮುಟ್ಟಬಾರದು, ಆದರೆ ಟೈಟರ್ 10ಕ್ಕಿಂತ ಮೇಲಿರುವವರನ್ನು ನೋಡಿಕೊಳ್ಳಬಹುದು. ಸಂಖ್ಯೆ ಗೊತ್ತಿಲ್ಲದಿದ್ದರೆ ಪಾಳಿಯ ಪಟ್ಟಿ ಬರೆಯುವುದು ಬರಿಯ ಊಹೆಯಾಗುತ್ತದೆ.

ಇಷ್ಟೆಲ್ಲ ಡಯಾಲಿಸಿಸ್ ಆರಂಭವಾದ ಮೇಲೆ ಮಾಡುವುದೇ ತಡ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕ್ರಿಯಾಟಿನಿನ್ ಏರುತ್ತಿದೆಯೆಂದು ಗೊತ್ತಾಗಿ, ಮುಂದೊಂದು ದಿನ ಡಯಾಲಿಸಿಸ್ ಬೇಕಾಗಬಹುದೆಂದು ವೈದ್ಯರು ಹೇಳಿದ ದಿನವೇ ಲಸಿಕೆಯ ಮಾತೂ ಬರಬೇಕು, ಏಕೆಂದರೆ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುವುದು ಆಗಲೇ.

ಕೊನೆಯ ಡೋಸ್ ಆಗಿ ಎರಡು ತಿಂಗಳ ನಂತರ ಆ 52 ವರ್ಷದವರ ಟೈಟರ್ 62 ಬಂತು. ಎರಡನೆಯ ಸರಣಿಯ ನಂತರವೂ 10 ದಾಟದವರಿದ್ದಾರೆ. ಅವರಿಗೆ ತಿಂಗಳ ಪರೀಕ್ಷೆಯೂ ಘಟಕದ ಶಿಸ್ತೂ ಬಿಟ್ಟರೆ ಬೇರೆ ಕಾವಲಿಲ್ಲ. ಟೈಟರ್ ಇಳಿಯುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ನೋಡುತ್ತೇವೆ. ಮರುವರ್ಷ ಆ 52 ವರ್ಷದವರದು 8ಕ್ಕೆ ಇಳಿದಿತ್ತು, ಒಂದು ಬೂಸ್ಟರ್ ಕೊಟ್ಟೆವು. ಆ ದಿನ ಆ್ಯಂಟಿಜನ್ ಪರೀಕ್ಷೆಗೆ ರಕ್ತ ತೆಗೆದುಕೊಂಡ ಮೇಲೆಯೇ ಲಸಿಕೆಯ ಸಿರಿಂಜ್ ಕೈಗೆತ್ತಿಕೊಂಡೆ.