ಹನ್ನೆರಡು ಎಲ್ಲಿ ಬರೆಯೋಣ?

ಗಂಟೆ ಎಷ್ಟಾಯಿತು ಎಂದು ಕೇಳಿದರೆ, ಕೇಳಿದ್ದು ನಿಂತ ಜಾಗದ ಗಂಟೆಯನ್ನೇ ಎಂದು ಎಲ್ಲರಿಗೂ ಗೊತ್ತು. ನಿಂತ ಜಾಗಕ್ಕೇ ಗಂಟೆ ಇಲ್ಲದಿದ್ದರೆ? ಭೂಮಿಯ ಮೇಲೆ ಅಂಥ ಜಾಗಗಳು ಎರಡೇ ಎರಡು. ಉತ್ತರ ಧ್ರುವದಲ್ಲಿ ಕಾಲಿಡಲು ನೆಲವಿಲ್ಲ, ತೇಲುವ ಸಮುದ್ರದ ಮಂಜಷ್ಟೇ. ಅಲ್ಲಿಗೆ ಹೋದ ಹಡಗು ತನಗೆ ಬೇಕಾದ ಗಂಟೆಯನ್ನು ಜೊತೆಯಲ್ಲೇ ಕಟ್ಟಿಕೊಂಡು ಹೋಗುತ್ತದೆ. ಹಾಗಾಗಿ ದಕ್ಷಿಣ ಧ್ರುವಕ್ಕೇ ಹೋಗೋಣ.

ಡಿಸೆಂಬರ್ ಕೊನೆಯ ವಾರ, ಅಲ್ಲಿನ ಮಂಜಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನೆಟ್ಟೆವು ಎಂದುಕೊಳ್ಳಿ. ಸೂರ್ಯ ದಿಗಂತದಿಂದ 23 ಡಿಗ್ರಿ ಚಿಲ್ಲರೆ ಮೇಲಿದ್ದಾನೆ. ಬೆಳಗಿಗೆ ಏರುವುದಿಲ್ಲ, ಸಂಜೆಗೆ ಇಳಿಯುವುದಿಲ್ಲ, ಅದೇ ಎತ್ತರದಲ್ಲಿ ಸುತ್ತು ಹಾಕುತ್ತಾನೆ. ಕೋಲಿನ ನೆರಳು ಹಗಲಿರುಳೂ ಸುಮಾರು 2.3 ಮೀಟರ್. ಅದು ಗಂಟೆಗೆ 15 ಡಿಗ್ರಿಯಂತೆ ಸರಿದು 24 ಗಂಟೆಗೆ ಒಂದು ಪೂರ್ತಿ ವೃತ್ತ ಬರೆಯುತ್ತದೆ. ಬೇರೆ ಊರುಗಳಲ್ಲಿ ನೆಲದ ಮೇಲೆ ನೆರಳು ಗಡಿಯಾರ ಮಾಡಬೇಕಾದರೆ ಆ ಊರಿನ ಅಕ್ಷಾಂಶ ನೋಡಿ, ಗಂಟೆಯ ಗೆರೆಗಳನ್ನು ಒಂದೆಡೆ ಒತ್ತಾಗಿ, ಇನ್ನೊಂದೆಡೆ ಬಿಡಿಬಿಡಿಯಾಗಿ ಎಳೆಯಬೇಕು. ಇಲ್ಲಿ ಆ ಲೆಕ್ಕವೇ ಬೇಡ, 24 ಸಮಭಾಗ ಮಾಡಿದರೆ ಸಾಕು. ಅಂಕಿಗಳು ಮಾತ್ರ ಎಡಸುತ್ತಾಗಿ ಹೋಗುತ್ತವೆ, ಏಕೆಂದರೆ ಅಲ್ಲಿ ನಿಂತವರಿಗೆ ಸೂರ್ಯ ಬಲದಿಂದ ಎಡಕ್ಕೆ ನಡೆಯುತ್ತಾನೆ.

ಇಷ್ಟು ಚೆಂದದ ಗಡಿಯಾರದಲ್ಲಿ ಹನ್ನೆರಡನ್ನು ಎಲ್ಲಿ ಬರೆಯುವುದು? ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬಂದಾಗ, ಅಂದರೆ ನೆರಳು ಅತಿ ಗಿಡ್ಡವಾದಾಗ ನಡುಹಗಲು. ಇಲ್ಲಿ ಎಲ್ಲ ನೆರಳೂ ಒಂದೇ ಉದ್ದ. ಎಷ್ಟು ಗಂಟೆ ಕಳೆಯಿತು ಎಂದು ಈ ಕೋಲು ತಪ್ಪಿಲ್ಲದೆ ಹೇಳುತ್ತದೆ, ಈಗ ಎಷ್ಟು ಗಂಟೆ ಎಂದು ಮಾತ್ರ ಹೇಳಲಾರದು.

ರೇಖಾಂಶಗಳನ್ನು ಕೇಳೋಣವೆಂದರೆ ಅವೆಲ್ಲ ಕೋಲಿನ ಬುಡದಲ್ಲೇ ಬಂದು ಸೇರಿವೆ. ಬುಡದಿಂದ ಒಂದು ಮೀಟರ್ ದೂರದಲ್ಲಿ ಸುತ್ತು ಹೊರಟರೆ ಒಂದೊಂದು ಗಂಟೆಯ ಪಾಲಿಗೆ ಸಿಗುವುದು 26 ಸೆಂಟಿಮೀಟರ್. ಒಂದು ಪಾದ ಇಟ್ಟರೆ ಆ ಗಂಟೆಯ ಸೀಮೆ ಮುಗಿಯಿತು. ಹೀಗೆ ಪೂರ್ವಕ್ಕೆ ನಡೆದು ಹೆಜ್ಜೆಗೊಂದು ಗಂಟೆ ಗಳಿಸಿಕೊಂಡೇ ಹೋಗಬಹುದೆಂದು ಆಸೆಪಡಬೇಡಿ. ನಡುವೆ ದಿನಾಂಕ ರೇಖೆ ಅಡ್ಡ ಬಂದು ಒಂದಿಡೀ ದಿನವನ್ನು ವಾಪಸು ಕಿತ್ತುಕೊಳ್ಳುತ್ತದೆ.

ಸೂರ್ಯ ಕೈಬಿಟ್ಟ ಮೇಲೆ ಉಳಿಯುವುದು ವಿಮಾನ. ಅಲ್ಲಿರುವ ಅಮೆರಿಕದ ಅಮುಂಡ್ಸೆನ್–ಸ್ಕಾಟ್ ಸಂಶೋಧನಾ ನಿಲ್ದಾಣದ ಗೋಡೆಯ ಮೇಲೆ ನ್ಯೂಜಿಲೆಂಡಿನ ಗಂಟೆ. ಜನ, ಸಾಮಾನು ಬರುವುದು ಕ್ರೈಸ್ಟ್‌ಚರ್ಚ್‌ನಿಂದ, ಅಂಟಾರ್ಕ್ಟಿಕದ ಕರಾವಳಿಯಲ್ಲಿರುವ ಮೆಕ್‌ಮರ್ಡೊ ನಿಲ್ದಾಣದ ಮೂಲಕ. ಸಾಮಾನು ಕಳಿಸುವವರು ಎದ್ದಿರುವಾಗ ಇಳಿಸಿಕೊಳ್ಳುವವರೂ ಎದ್ದಿರಲಿ ಎಂಬಷ್ಟೇ ತರ್ಕ. ನ್ಯೂಜಿಲೆಂಡಿನವರು ಸಂಜೆಯ ಬೆಳಕು ಉಳಿಸಲೆಂದು ಸೆಪ್ಟೆಂಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರಲ್ಲ, ಧ್ರುವದಲ್ಲೂ ತಿರುಗಿಸುತ್ತಾರೆ. ಆರು ತಿಂಗಳ ಕತ್ತಲು ಮುಗಿದು ಸೂರ್ಯ ಹುಟ್ಟುವುದೂ ಸರಿಸುಮಾರು ಆ ಹೊತ್ತಿಗೇ. ಇನ್ನಾರು ತಿಂಗಳು ಮುಳುಗದ ಸೂರ್ಯನ ಕೆಳಗೆ ನಿಂತು ಒಂದು ಗಂಟೆ ಬೆಳಕು ಉಳಿಸುವ ಜಿಪುಣತನ ನನಗೆ ಬಹಳ ಇಷ್ಟ.

ಗಂಟೆಯದು ಹೋಗಲಿ, ತಾರೀಖಿನ ಪಾಡು ಇನ್ನೂ ಸೊಗಸು. ನಾರ್ವೆಯ ಅಮುಂಡ್ಸೆನ್ ಎಲ್ಲರಿಗಿಂತ ಮೊದಲು ಈ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್ 14 ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಆ ತಂಡದವರ ದಿನಚರಿಯಲ್ಲಿ ಇದ್ದದ್ದು 15. ಅವರ ಹಡಗು ‘ಫ್ರಾಮ್’ ಆಫ್ರಿಕದ ದಕ್ಷಿಣದಿಂದ ಪೂರ್ವಕ್ಕೆ ಸಾಗಿ, ದಿನಾಂಕ ರೇಖೆ ದಾಟಿ, ಪಶ್ಚಿಮ ರೇಖಾಂಶ 164 ಡಿಗ್ರಿಯ ಸುಮಾರಿನಲ್ಲಿ ನಿಂತಿತು. ದಾಟಿದಾಗ ಒಂದು ದಿನ ಹಿಂದೆ ಸರಿಸಬೇಕಿತ್ತು, ಸರಿಸಲಿಲ್ಲ. ಆಮೇಲೆ ತಿದ್ದಿಕೊಂಡರು. ಅವರು ಬೀಡುಬಿಟ್ಟ ಕಡಲತೀರಕ್ಕೆ ಈ ತಿದ್ದುಪಡಿ ನ್ಯಾಯವೇ. ಆದರೆ ಧ್ರುವಕ್ಕೆ? ಅದು ರೇಖೆಯ ಆಚೆಯೂ ಹೌದು, ಈಚೆಯೂ ಹೌದು. ಗಮ್ಮತ್ತೆಂದರೆ, ಅವರ ಹೆಸರನ್ನೇ ಹೊತ್ತ ಇಂದಿನ ನಿಲ್ದಾಣದ ನ್ಯೂಜಿಲೆಂಡ್ ಕ್ಯಾಲೆಂಡರ್ ಪ್ರಕಾರ ಆ ತಿದ್ದದ ದಿನಚರಿಯೇ ಸರಿ.

ಅವರೊಡನೆ ಪೈಪೋಟಿಯಲ್ಲಿದ್ದ ಬ್ರಿಟನ್ನಿನ ಸ್ಕಾಟ್ ತಲುಪಿದ್ದು 1912ರ ಜನವರಿ 17ಕ್ಕೆ. ಸ್ಕಾಟರ ಬೀಡು ಇದ್ದದ್ದು ಪೂರ್ವ ರೇಖಾಂಶ 166 ಡಿಗ್ರಿಯ ಹತ್ತಿರ, ಅಂದರೆ ರೇಖೆಯ ಇನ್ನೊಂದು ಮಗ್ಗುಲಲ್ಲಿ. ಹಾಗಾಗಿ ಆ 17 ಪೂರ್ವದ ತಾರೀಖು. ಅಮುಂಡ್ಸೆನ್ನರ 14 ಪಶ್ಚಿಮದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದರೆ ಸ್ಕಾಟ್ 34 ದಿನ ತಡ. ಇಬ್ಬರಿಗೂ ಒಂದೇ ಕ್ಯಾಲೆಂಡರ್ ಹಿಡಿದರೆ, ಯಾವುದನ್ನೇ ಹಿಡಿಯಿರಿ, 33.